ಗುಂಪಿನೊಳಗಿನ ಮಾರಾಟ, ಬಡ್ಡಿ ಮತ್ತು ಖರೀದಿಗೆ ಮುಂಚಿನ ಲಾಭ: ಕನ್ಸಾಲಿಡೇಟೆಡ್ ಲಾಭ-ನಷ್ಟ ಪತ್ರಿಕೆ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಹಗಲು ಬೆಳಗಾವಿಯಲ್ಲಿ ಆಡಿಟ್ ಕೆಲಸ, ಸಂಜೆ ಬಿ.ಕಾಂ. ಮತ್ತು ಸಿಎ ಇಂಟರ್ ಓದುವ ಹುಡುಗ-ಹುಡುಗಿಯರಿಗೆ ಪಾಠ. ಎರಡೂ ಕಡೆ ಈ ವಿಷಯದಲ್ಲಿ, ಅಂದರೆ ಒಂದು ಕಂಪನಿ ಮತ್ತು ಅದು ಕೊಂಡ ಕಂಪನಿ ಎರಡನ್ನೂ ಒಂದೇ ಗುಂಪಾಗಿ ಹಿಡಿದು ಲೆಕ್ಕ ಕೂಡಿಸುವುದರಲ್ಲಿ, ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ಅದಕ್ಕೇ ಒಂದೇ ಉದಾಹರಣೆ ಹಿಡಿದು ಎಲ್ಲಕ್ಕೂ ಉತ್ತರ ಬರೆದಿಟ್ಟಿದ್ದೇನೆ. ಲೆಕ್ಕ ಪಾಠಕ್ಕೆಂದು ಕಟ್ಟಿದ್ದು, ಆದರೆ ಅದರಲ್ಲಿರುವ ತಪ್ಪುಗಳು ನಿಜವಾದ ಹಾಳಿಗಳಲ್ಲಿ ಕಂಡವು.

ಉದಾಹರಣೆ ಏನು?

ಬೆಳಗಾವಿಯ ಉದ್ಯಮಬಾಗದಲ್ಲಿ ಒಂದು ಫೌಂಡ್ರಿ ಕಂಪನಿ. ಕಬ್ಬಿಣದ ಕಾಸ್ಟಿಂಗ್ ಎರಕ ಹೊಯ್ದು ಮಾರುತ್ತದೆ. ಬಾಗಲಕೋಟೆಯಲ್ಲಿ ಒಂದು ಮಶೀನ್ ಶಾಪ್ ಕಂಪನಿ. ಆ ಕಾಸ್ಟಿಂಗ್ ಕೊಂಡು, ಲೇತಿಗೆ ಹಾಕಿ, ತೂತು ಕೊರೆದು, ಫಿನಿಶ್ ಮಾಡಿ ಹೊರಗಿನವರಿಗೆ ಮಾರುತ್ತದೆ. ಇಬ್ಬರ ನಡುವೆ ಮೊದಲಿನಿಂದಲೂ ವ್ಯಾಪಾರವಿತ್ತು. 2024ರ ಜುಲೈ 1ರಂದು ಫೌಂಡ್ರಿಯು ಮಶೀನ್ ಶಾಪ್‌ನ 80% ಶೇರುಗಳನ್ನು ₹420 ಲಕ್ಷಕ್ಕೆ ಕೊಂಡಿತು. ಲೆಕ್ಕದ ವರ್ಷ 2024-25, ಇಬ್ಬರದೂ ಮಾರ್ಚ್ 31ಕ್ಕೆ ಮುಗಿಯುತ್ತದೆ.

ಅಕ್ಟೋಬರ್ 1ರಂದು ಫೌಂಡ್ರಿ ತನ್ನ ಹೊಸ ಸಬ್ಸಿಡಿಯರಿಗೆ, ಅಂದರೆ ಮಶೀನ್ ಶಾಪಿಗೆ, ₹100 ಲಕ್ಷ ಸಾಲ ಕೊಟ್ಟಿತು, ಬಡ್ಡಿ 12%. ಮಾರ್ಚ್ ಕೊನೆಗೆ ಆರು ತಿಂಗಳ ಬಡ್ಡಿ ₹6 ಲಕ್ಷ ಆಯಿತು. ಮುಂದೆ ಬರುವ ಅಂಕಿಗಳೆಲ್ಲ ಲಕ್ಷ ರೂಪಾಯಿಗಳಲ್ಲಿವೆ.

ಕನ್ಸಾಲಿಡೇಟೆಡ್ ಪತ್ರಿಕೆ ಮಾಡಲೇಬೇಕೇ?

ಮಾಡಬೇಕು. ಕಂಪನಿ ಕಾಯ್ದೆ 2013ರ ಕಲಂ 129(3) ಪ್ರಕಾರ ಸಬ್ಸಿಡಿಯರಿ ಇರುವ ಕಂಪನಿ ತನ್ನ ಸ್ವಂತ ಪತ್ರಿಕೆಯ ಜೊತೆಗೆ ಇದನ್ನೂ ತಯಾರಿಸಬೇಕು. ಕೆಲವು ವಿನಾಯಿತಿಗಳಿವೆ, ಅವು ಇಲ್ಲಿ ಬೇಡ. ನಮ್ಮ ಉದಾಹರಣೆಯ ಕಂಪನಿಗಳಿಗೆ ಕನ್ಸಾಲಿಡೇಶನ್ ಕುರಿತ ಲೆಕ್ಕಪತ್ರ ಮಾನದಂಡವಾದ ಎಎಸ್ 21 ಅನ್ವಯಿಸುತ್ತದೆ ಎಂದುಕೊಳ್ಳಿ. ಇನ್ನೊಂದು ಮಾನದಂಡ ಸರಣಿಯಾದ ಇಂಡ್ ಎಎಸ್ ಎಲ್ಲಿ ಬೇರೆಯಾಗುತ್ತದೋ ಅಲ್ಲಿ ಹೇಳುತ್ತೇನೆ.

ಮಶೀನ್ ಶಾಪ್‌ನ ಇಡೀ ವರ್ಷದ ಲೆಕ್ಕ ಸೇರಿಸಬೇಕೋ, ಒಂಬತ್ತು ತಿಂಗಳದ್ದೋ?

ಒಂಬತ್ತು ತಿಂಗಳದ್ದು. ಎಎಸ್ 21 ಸ್ಪಷ್ಟವಾಗಿ ಹೇಳುತ್ತದೆ: ಹೋಲ್ಡಿಂಗ್-ಸಬ್ಸಿಡಿಯರಿ ಸಂಬಂಧ ಶುರುವಾದ ದಿನದಿಂದ ಮುಂದಿನ ಫಲಿತಾಂಶ ಮಾತ್ರ ಸೇರಬೇಕು. ಏಪ್ರಿಲ್, ಮೇ, ಜೂನ್ ತಿಂಗಳಲ್ಲಿ ಮಶೀನ್ ಶಾಪ್ ಗಳಿಸಿದ್ದು ಗುಂಪಿನ ಗಳಿಕೆಯಲ್ಲ. ಫೌಂಡ್ರಿ ಅದನ್ನು ದುಡಿದಿಲ್ಲ, ₹420 ಲಕ್ಷ ಎಣಿಸಿ ಕೊಂಡುಕೊಂಡಿದೆ. ಎಮ್ಮೆ ಕೊಳ್ಳುವಾಗ ಅದರ ಕೆಚ್ಚಲಲ್ಲಿದ್ದ ಹಾಲಿಗೂ ಸೇರಿಸಿಯೇ ಬೆಲೆ ಕೊಟ್ಟಿರುತ್ತೇವೆ, ಆ ಹಾಲನ್ನು ನಮ್ಮ ಆದಾಯ ಎನ್ನಲಾಗದು.

ಮಶೀನ್ ಶಾಪ್‌ನವರು ಜೂನ್ 30ಕ್ಕೆ ಟ್ರಯಲ್ ಬ್ಯಾಲೆನ್ಸ್ ತೆಗೆದು, ಸ್ಟಾಕ್ ಎಣಿಸಿಟ್ಟಿದ್ದರು. ಹಾಗಾಗಿ ಎರಡು ಭಾಗ ನಿಖರವಾಗಿ ಸಿಕ್ಕಿತು. ಮೊದಲ ಮೂರು ತಿಂಗಳಲ್ಲಿ ಮಾರಾಟ 260, ತೆರಿಗೆ ನಂತರದ ಲಾಭ 30. ಮುಂದಿನ ಒಂಬತ್ತು ತಿಂಗಳಲ್ಲಿ ಮಾರಾಟ 940, ಲಾಭ 118. ಇಡೀ ವರ್ಷಕ್ಕೆ 148.

ಜೂನ್ 30ರ ಲೆಕ್ಕ ಇಲ್ಲದಿದ್ದರೆ 12ರಲ್ಲಿ 3 ಭಾಗ ಅಂತ ಹಂಚಿದರೆ ಸಾಕಲ್ಲ, ಸರ?

ಪರೀಕ್ಷೆಯಲ್ಲಿ ಬೇರೆ ಮಾಹಿತಿ ಕೊಡದಿದ್ದರೆ ಹಾಗೇ ಮಾಡಿ. ಕಚೇರಿಯಲ್ಲಿ ಬೇಡ. ಇಲ್ಲಿ 148ರ ಕಾಲು ಭಾಗ 37, ನಿಜವಾದದ್ದು 30. ಏಳು ಲಕ್ಷದ ವ್ಯತ್ಯಾಸ ಬಂದಿದ್ದು ಯಾಕೆ? ಮಾರಾಟ ಹನ್ನೆರಡು ತಿಂಗಳೂ ಸಮನಾಗಿ ಹರಿದಿಲ್ಲ, ಮೊದಲ ಮೂರು ತಿಂಗಳು ಮಂದಗತಿಯಿತ್ತು. ಹೊಸ ಸಾಲದ ಬಡ್ಡಿ ಈ ವ್ಯತ್ಯಾಸವನ್ನು ತಗ್ಗಿಸುವ ಕಡೆಗೇ ಎಳೆದಿದೆ, ಆದರೂ ಅದು ಅಕ್ಟೋಬರ್ ನಂತರದ್ದು, ಅದರ ಕಾಲು ಭಾಗವನ್ನು ಏಪ್ರಿಲ್-ಜೂನ್ ತಲೆಗೆ ಕಟ್ಟುವುದು ಸರಿಯಲ್ಲ.

37 ಅಂತ ಹಿಡಿದರೆ ಗುಂಪಿನ ಈ ವರ್ಷದ ಲಾಭ ಫೌಂಡ್ರಿಯ ಪಾಲಿನಲ್ಲಿ 5.6 ಕಡಿಮೆ ಕಾಣುತ್ತದೆ, ನಿವ್ವಳ ಆಸ್ತಿಯ ಪಾಲಿಗಿಂತ ಹೆಚ್ಚು ಕೊಟ್ಟ ಬೆಲೆ, ಅಂದರೆ ಗುಡ್‌ವಿಲ್ ಕೂಡ ಅಷ್ಟೇ ಕಡಿಮೆಯಾಗುತ್ತದೆ. ಬ್ಯಾಲೆನ್ಸ್ ಶೀಟ್ ಎರಡೂ ಕಡೆ ಹೊಂದಿಬಿಡುವುದರಿಂದ ಈ ತಪ್ಪು ತಾನಾಗಿ ಕಣ್ಣಿಗೆ ಬೀಳುವುದಿಲ್ಲ. ಸಕ್ಕರೆ ಕಾರ್ಖಾನೆಯಂಥ ಹಂಗಾಮಿನ ಉದ್ಯಮದಲ್ಲಂತೂ ತಿಂಗಳ ಲೆಕ್ಕದಲ್ಲಿ ಹಂಚುವುದು ಶುದ್ಧ ಅಪಾಯ. ಕಬ್ಬು ಅರೆಯುವುದೇ ವರ್ಷದ ಕೆಲವು ತಿಂಗಳು.

ಆ 30 ಲಕ್ಷ ಹಾಗಾದರೆ ಎಲ್ಲಿ ಹೋಯಿತು?

ಎರಡು ಪಾಲಾಗಿ ಬ್ಯಾಲೆನ್ಸ್ ಶೀಟಿಗೆ ಹೋಯಿತು. 80% ಅಂದರೆ 24, ಗುಡ್‌ವಿಲ್ ಲೆಕ್ಕಕ್ಕೆ. ಉಳಿದ 6 ಮೈನಾರಿಟಿಯವರ, ಅಂದರೆ ಬಾಕಿ 20% ಶೇರುದಾರರ ಪಾಲಿಗೆ, ಜುಲೈ 1ರ ಅವರ ಆರಂಭದ ಮೊತ್ತದೊಳಗೆ.

ಮಶೀನ್ ಶಾಪ್‌ನ ಶೇರು ಬಂಡವಾಳ 200, ಏಪ್ರಿಲ್ 1ಕ್ಕೆ ರಿಸರ್ವ್ 220, ಮೂರು ತಿಂಗಳ ಲಾಭ 30. ಜುಲೈ 1ಕ್ಕೆ ನಿವ್ವಳ ಆಸ್ತಿ 450, ಅದರ 80% ಅಂದರೆ 360. ಕೊಟ್ಟದ್ದು 420, ಆದ್ದರಿಂದ ಗುಡ್‌ವಿಲ್ 60. ಆ 30ನ್ನು ಮರೆತು ಏಪ್ರಿಲ್ 1ರ ರಿಸರ್ವ್ ಮಾತ್ರ ಹಿಡಿದರೆ ಗುಡ್‌ವಿಲ್ 84 ಬರುತ್ತದೆ, ಗುಂಪಿನ ಲಾಭವೂ 24 ಉಬ್ಬುತ್ತದೆ. ಎರಡೂ ಒಟ್ಟಿಗೆ ಒಂದೇ ಮೊತ್ತದಿಂದ ಏರಿದ್ದು ಕಂಡರೆ ಮೊದಲು ಇದನ್ನೇ ಅನುಮಾನಿಸಿ.

ನಮ್ಮ ಕಾಲೇಜಿನ ಪುಸ್ತಕದಲ್ಲಿ ಇಡೀ ವರ್ಷ ಸೇರಿಸಿ, ಕೆಳಗೆ ಬಂದು ಕಳೆಯುತ್ತಾರೆ. ಅದು ತಪ್ಪೇ?

ಅದು ಹಳೆಯ ಪದ್ಧತಿ. ಕಂಪನಿಯ ಪತ್ರಿಕೆಗೆ ಇವತ್ತು ಒಪ್ಪುವುದಿಲ್ಲ, ಯಾಕೆಂದರೆ ಮಾರಾಟದ ಸಾಲಿನಲ್ಲಿ ಗುಂಪಿನದ್ದಲ್ಲದ 260 ಸೇರಿ ಹೋಗಿರುತ್ತದೆ. ಆದರೆ ಕೊನೆಯ ಅಂಕಿ ತಪ್ಪುವುದಿಲ್ಲ. ಹಳೆಯ ಪದ್ಧತಿಯಲ್ಲಿ ಗುಂಪಿನ ತೆರಿಗೆ ನಂತರದ ಲಾಭ 402. ಅದರಿಂದ ಖರೀದಿಗೆ ಮುಂಚಿನ ಲಾಭದ ನಮ್ಮ ಪಾಲು 24 ಮತ್ತು ಮೈನಾರಿಟಿಯ ಇಡೀ ವರ್ಷದ ಪಾಲು 29.6 (148ರ 20%) ಕಳೆದರೆ 348.4. ಕೆಳಗಿನ ಪಟ್ಟಿಯಲ್ಲೂ ಅದೇ ಬರುತ್ತದೆ. ಪರೀಕ್ಷೆಯಲ್ಲಿ ಪ್ರಶ್ನೆ ಯಾವ ನಮೂನೆ ಕೇಳಿದೆಯೋ ಅದರಲ್ಲೇ ಬರೆಯಿರಿ. ಒಂದು ಎಚ್ಚರ: 24ನ್ನು ಕಳೆಯುವಲ್ಲಿ ಪೂರ್ತಿ 30 ಕಳೆಯಬೇಡಿ. ಮೈನಾರಿಟಿಯ 6 ಆಗಲೇ 29.6ರ ಒಳಗಿದೆ, ಎರಡು ಸಲ ಹೋಗುತ್ತದೆ.

ಪೂರ್ತಿ ಪಟ್ಟಿ ಒಮ್ಮೆ ತೋರಿಸಿ.

| | ಫೌಂಡ್ರಿ (12 ತಿಂಗಳು) | ಮಶೀನ್ ಶಾಪ್ (9 ತಿಂಗಳು) | ತೆಗೆದದ್ದು / ಸೇರಿಸಿದ್ದು | ಗುಂಪು |
|---|---|---|---|---|
| ಮಾರಾಟ | 2,400 | 940 | −240 | 3,100 |
| ಮಾರಿದ ಮಾಲಿನ ವೆಚ್ಚ | 1,680 | 658 | −240 +8 | 2,106 |
| ಬಡ್ಡಿ ಆದಾಯ | 6 | – | −6 | – |
| ಇತರ ವೆಚ್ಚ | 330 | 109 | – | 439 |
| ಬಡ್ಡಿ ವೆಚ್ಚ | 46 | 15 | −6 | 55 |
| ತೆರಿಗೆ ಮುಂಚಿನ ಲಾಭ | 350 | 158 | −8 | 500 |
| ತೆರಿಗೆ | 88 | 40 | – | 128 |
| ತೆರಿಗೆ ನಂತರ | 262 | 118 | −8 | 372 |
| ಮೈನಾರಿಟಿ ಪಾಲು (118ರ 20%) | | | | 23.6 |
| ಫೌಂಡ್ರಿ ಶೇರುದಾರರ ಪಾಲು | | | | 348.4 |

ತಾಳೆ ನೋಡುವ ಚಿಕ್ಕ ದಾರಿ: ಫೌಂಡ್ರಿಯ ಸ್ವಂತ ಲಾಭ 262, ಮಶೀನ್ ಶಾಪ್‌ನ 118ರಲ್ಲಿ ನಮ್ಮ ಪಾಲು 94.4, ಸ್ಟಾಕಿನ ಲಾಭ 8 ಕಡಿಮೆ. ಒಟ್ಟು 348.4. ದೊಡ್ಡ ಪಟ್ಟಿ ಹಾಕುವ ಮೊದಲೇ ಇದನ್ನು ಮೂಲೆಯಲ್ಲಿ ಬರೆದಿಟ್ಟುಕೊಳ್ಳುವುದು ನನ್ನ ರೂಢಿ.

ಫೌಂಡ್ರಿ ವರ್ಷವಿಡೀ ಮಶೀನ್ ಶಾಪಿಗೆ 300 ಲಕ್ಷದ ಮಾಲು ಮಾರಿದೆ. 240 ಮಾತ್ರ ಯಾಕೆ ತೆಗೆದಿರಿ?

ಉಳಿದ 60 ಏಪ್ರಿಲ್-ಜೂನ್ ತಿಂಗಳದ್ದು. ಆಗ ಮಶೀನ್ ಶಾಪ್ ಹೊರಗಿನ ಗಿರಾಕಿ. ಆ ಮಾರಾಟ ನಿಜವಾದ ಮಾರಾಟ, ಅದರ ಲಾಭವೂ ನಿಜವಾದದ್ದು. ಆ ಮಾಲು ಜುಲೈ 1ರಂದು ಮಶೀನ್ ಶಾಪ್‌ನ ಗೋದಾಮಿನಲ್ಲೇ ಬಿದ್ದಿದ್ದರೂ ಅದರ ಮೇಲೆ ಫೌಂಡ್ರಿ ಗಳಿಸಿದ ಲಾಭವನ್ನು ಹಿಂತೆಗೆಯಬಾರದು.

ಈ ತಪ್ಪು ಬಹಳ ಸಾಮಾನ್ಯ, ಕಾರಣವೂ ಸರಳ: ಪಾರ್ಟಿ ಲೆಡ್ಜರ್ ತೆಗೆದರೆ ವರ್ಷದ ಮೊತ್ತ 300 ಅಂತ ಒಂದೇ ಸಾಲಿನಲ್ಲಿ ಬರುತ್ತದೆ, ನಡುವೆ ಜುಲೈ 1ರ ಗೆರೆ ಇರುವುದಿಲ್ಲ. ಲೆಡ್ಜರ್ ತೆಗೆಯುವಾಗಲೇ ಅವಧಿಯನ್ನು 1-7-2024ರಿಂದ 31-3-2025 ಅಂತ ಹಾಕಿ.

ಇನ್ನೊಂದು ಮಾತು. ತೆಗೆಯಬೇಕಾದದ್ದು ಜಿಎಸ್‌ಟಿ ಬಿಟ್ಟ ಬೆಲೆ. ಎರಡೂ ಕಂಪನಿಗೆ ಬೇರೆ ಬೇರೆ ಜಿಎಸ್‌ಟಿ ನೋಂದಣಿ ಇರುವುದರಿಂದ ಬಿಲ್ಲಿಗೆ ತೆರಿಗೆ ಬಿದ್ದೇ ಬೀಳುತ್ತದೆ. ಆದರೆ ಅದು ಮಾರಾಟ ಖಾತೆಯಲ್ಲೂ ಇಲ್ಲ, ಖರೀದಿ ಖಾತೆಯಲ್ಲೂ ಇಲ್ಲ. ಪಾರ್ಟಿ ಲೆಡ್ಜರಿನ ಡೆಬಿಟ್ ಮೊತ್ತವನ್ನೇ ಎತ್ತಿಕೊಂಡರೆ ತೆರಿಗೆಯೂ ಸೇರಿಬಂದು ಮಾರಾಟ ವಿನಾಕಾರಣ ಕುಗ್ಗುತ್ತದೆ.

40 ಲಕ್ಷದ ಮಾಲು ಇನ್ನೂ ಸ್ಟಾಕಿನಲ್ಲಿದೆ. ಹಾಗಿದ್ದರೂ ವೆಚ್ಚದಿಂದ ಪೂರ್ತಿ 240 ಯಾಕೆ ಕಳೆಯಬೇಕು? ಆಮೇಲೆ 8 ಯಾಕೆ ಕೂಡಬೇಕು?

ಇದು ನನಗೆ ಅತಿ ಇಷ್ಟದ ಪ್ರಶ್ನೆ. ಬಹಳಷ್ಟು ಮಂದಿ ಉತ್ತರವನ್ನು ಬಾಯಿಪಾಠ ಮಾಡಿರುತ್ತಾರೆ, ಮಾಲಿನ ಹಿಂದೆ ಹೋಗಿ ನೋಡಿರುವುದಿಲ್ಲ.

ಫೌಂಡ್ರಿ ತನ್ನ ವೆಚ್ಚದ ಮೇಲೆ 25% ಇಟ್ಟು ಮಾರುತ್ತದೆ. 240ರ ಮಾಲು ಅದಕ್ಕೆ ಬಿದ್ದದ್ದು 192. ಆ 192 ಫೌಂಡ್ರಿಯ ವೆಚ್ಚದ ಸಾಲಿನಲ್ಲಿ ಕೂತಿದೆ. ಮಶೀನ್ ಶಾಪ್ ಆ 240ರ ಮಾಲಿನಲ್ಲಿ 200ರದ್ದನ್ನು ಬಳಸಿ ಹೊರಗೆ ಮಾರಿತು, 40ರದ್ದು ಉಳಿಯಿತು. ಆದ್ದರಿಂದ ಮಶೀನ್ ಶಾಪ್‌ನ ವೆಚ್ಚದ ಸಾಲಿನಲ್ಲಿ 200 ಇದೆ. ಎರಡನ್ನೂ ಸುಮ್ಮನೆ ಕೂಡಿದರೆ 392.

ಈಗ ಗೋಡೆ ಕೆಡವಿ ಎರಡನ್ನೂ ಒಂದೇ ಕಾರ್ಖಾನೆ ಅಂತ ನೋಡಿ. ಹೊರಗೆ ಹೋದ ಮಾಲು ಕುಲುಮೆಯಿಂದ ಬಂದಾಗ ಎಷ್ಟಕ್ಕೆ ಬಿದ್ದಿತ್ತು? 200ರ ಐದರಲ್ಲಿ ನಾಲ್ಕು ಭಾಗ, ಅಂದರೆ 160. ವೆಚ್ಚದಲ್ಲಿ ಇರಬೇಕಾದದ್ದು 160, ಇರುವುದು 392. ತೆಗೆಯಬೇಕಾದದ್ದು 232. ಅದೇ 240ರಲ್ಲಿ 8 ಕಡಿಮೆ. ಎರಡು ಹೆಜ್ಜೆಯಾಗಿ ಬರೆಯುವುದು ಓದುವವರಿಗೆ ತಿಳಿಯಲಿ ಅಂತ ಮಾತ್ರ: 240 ಕಳೆದದ್ದು ಮಾರಾಟದ ಸಾಲಿಗೆ ಜೋಡಿ, 8 ಕೂಡಿದ್ದು ಗೋದಾಮಿನ ಮಾಲನ್ನು 40ರಿಂದ 32ಕ್ಕೆ ಇಳಿಸಿದ್ದು.

ಆ 8 ಹೇಗೆ ಬಂತು? 40ರ 25% ಅಂದರೆ 10 ಆಗಬೇಕಲ್ಲ?

25% ವೆಚ್ಚದ ಮೇಲಿನದು, 40 ಮಾರಾಟದ ಬೆಲೆ. ವೆಚ್ಚ 100 ಆದರೆ ಬೆಲೆ 125, ಲಾಭ 25. ಬೆಲೆಯ ಮೇಲೆ ಅದು ಐದರಲ್ಲೊಂದು. 40ರಲ್ಲಿ 8. ಪ್ರಶ್ನೆಯಲ್ಲಿ "ವೆಚ್ಚದ ಮೇಲೆ" ಇದೆಯೋ "ಮಾರಾಟದ ಮೇಲೆ" ಇದೆಯೋ ಎಂದು ಬೆರಳಿಟ್ಟು ಓದಿ.

ಫೌಂಡ್ರಿಯ ಪುಸ್ತಕದಲ್ಲಿ 240, ಮಶೀನ್ ಶಾಪ್‌ನ ಪುಸ್ತಕದಲ್ಲಿ 235. ಯಾವುದನ್ನು ತೆಗೆಯಲಿ?

ಯಾವುದನ್ನೂ ತೆಗೆಯಬೇಡಿ, ಮೊದಲು 5 ಎಲ್ಲಿದೆ ಹುಡುಕಿ. "ಸರ, ಎರಡೂ ಕಡೆ ಹೊಂದವಲ್ದು ನೋಡ್ರಿ" ಅಂತ ಏಪ್ರಿಲ್ ತಿಂಗಳಲ್ಲಿ ಫೋನ್ ಬಂದರೆ ನಾನು ಕೇಳುವ ಮೊದಲ ಪ್ರಶ್ನೆ, "ಮಾರ್ಚ್ 31ರ ಗಾಡಿ ಯಾವಾಗ ಮುಟ್ಟಿತು?" ಇಲ್ಲಿ ಆದದ್ದೂ ಅದೇ. ಬಿಲ್ಲು ಮಾರ್ಚ್ 31ರದ್ದು, ಲಾರಿ ಸಂಜೆ ಉದ್ಯಮಬಾಗ ಬಿಟ್ಟಿತು, ಬಾಗಲಕೋಟೆಯ ಗೇಟ್ ರಿಜಿಸ್ಟರಿನಲ್ಲಿ ಏಪ್ರಿಲ್ 1 ಅಂತ ಬಿದ್ದಿದೆ. ಇ-ವೇ ಬಿಲ್ಲು ಮತ್ತು ಗೇಟ್ ರಿಜಿಸ್ಟರ್ ಪಕ್ಕಪಕ್ಕ ಇಟ್ಟರೆ ಹತ್ತು ನಿಮಿಷದ ಕೆಲಸ.

ಗುಂಪಿನ ಹಾಳಿಯಲ್ಲಿ ಮೊದಲು ಮಶೀನ್ ಶಾಪ್‌ನ ಖರೀದಿಗೆ 5 ಸೇರಿಸಿ, ಕೊನೆಯ ಸ್ಟಾಕಿಗೂ 5 ಸೇರಿಸಿ. ಅದರ ಲಾಭ ಬದಲಾಗುವುದಿಲ್ಲ. ಆಗ ಖರೀದಿ 240 ಆಗುತ್ತದೆ, ಸ್ಟಾಕು ಗೋದಾಮಿನ 35, ದಾರಿಯ 5 ಸೇರಿ 40 ಆಗುತ್ತದೆ. ಮೇಲೆ ನಾವು ಹಿಡಿದ 40 ಇದೇ. ಹೀಗೆ ಮಾಡದೆ ಮಾರಾಟದಿಂದ 240, ಖರೀದಿಯಿಂದ 235 ತೆಗೆದು ಮುಂದೆ ಹೋದರೆ ಗುಂಪಿನ ಲಾಭ 5 ಕಡಿಮೆಯಾಗುತ್ತದೆ. ಅದಕ್ಕಿಂತ ಕೆಟ್ಟದ್ದು ಆ 5ನ್ನು "ವ್ಯತ್ಯಾಸ" ಅಂತ ಇತರ ವೆಚ್ಚಕ್ಕೆ ತಳ್ಳುವುದು.

ಮಶೀನ್ ಶಾಪ್ ಫೌಂಡ್ರಿಗೆ ಮಾರಿದ್ದರೆ?

ಮಾರಾಟ ತೆಗೆಯುವುದು ಹಾಗೇ, ಸ್ಟಾಕಿನ ಲಾಭವನ್ನು ಪೂರ್ತಿ ತೆಗೆಯುವುದೂ ಹಾಗೇ. ಬದಲಾಗುವುದು ಯಾರ ಪಾಲಿನಿಂದ ತೆಗೆಯಬೇಕು ಎಂಬುದು. ಲಾಭ ಬರೆದುಕೊಂಡವರು ಮಶೀನ್ ಶಾಪ್, ಅಲ್ಲಿ ಮೈನಾರಿಟಿಗೂ ಪಾಲಿದೆ. ಆದ್ದರಿಂದ ಅದೇ 8 ಆಗಿದ್ದರೆ 1.6 ಮೈನಾರಿಟಿಯವರಿಂದ, 6.4 ನಮ್ಮಿಂದ. ಮೈನಾರಿಟಿ ಪಾಲು 23.6 ಬದಲು 22 ಆಗುತ್ತಿತ್ತು. ನಮ್ಮ ಉದಾಹರಣೆಯಲ್ಲಿ ಮಾರಿದ್ದು ಫೌಂಡ್ರಿ, ಹಾಗಾಗಿ ಪೂರ್ತಿ 8 ನಮ್ಮ ಮೇಲೆಯೇ.

ಬಡ್ಡಿ ತೆಗೆದರೆ ಗುಂಪಿನ ಲಾಭ ಬದಲಾಗುವುದೇ ಇಲ್ಲ. ಮತ್ತೆ ಯಾಕೆ ತೆಗೆಯಬೇಕು?

ಬಲಗೈ ಎಡಗೈಗೆ ಸಾಲ ಕೊಟ್ಟರೆ ಮನೆಗೆ ಆದಾಯ ಬಂದಂತಾಗದು. ತೆಗೆಯದಿದ್ದರೆ ಗುಂಪಿಗೆ 6 ಬಡ್ಡಿ ಆದಾಯವಿದೆ, 61 ಬಡ್ಡಿ ಖರ್ಚಿದೆ ಅಂತ ಕಾಣುತ್ತದೆ. ಸಾಲ ಕೊಡುವ ಬ್ಯಾಂಕಿನವರು ಬಡ್ಡಿ ವೆಚ್ಚದ ಸಾಲು ಹಿಡಿದೇ ಲೆಕ್ಕ ಹಾಕುವುದು, ಅಲ್ಲಿ 55 ಮತ್ತು 61 ಬೇರೆ ಬೇರೆ ಕಥೆ ಹೇಳುತ್ತವೆ. ಫೌಂಡ್ರಿ ಈ 100 ಲಕ್ಷವನ್ನು ಬ್ಯಾಂಕಿನಿಂದ ತಂದೇ ಕೊಟ್ಟಿದ್ದರೂ ಬ್ಯಾಂಕಿಗೆ ಕಟ್ಟಿದ ಬಡ್ಡಿ ಹಾಗೇ ಉಳಿಯುತ್ತದೆ, ಅದು ಗುಂಪಿನ ಹೊರಗೆ ಹೋದ ಹಣ.

ಎರಡೂ ಕಡೆ ಒಂದೇ 6 ಹೋಗುವುದರಿಂದ ಲಾಭ ಬದಲಾಗುವುದಿಲ್ಲ ಎಂಬುದು ನಿಜ. ಆದರೆ ಮಶೀನ್ ಶಾಪ್ ಆ ಬಡ್ಡಿಯನ್ನು ಖರ್ಚಿಗೆ ಹಾಕದೆ ಹೊಸ ಯಂತ್ರದ ಬೆಲೆಗೆ ಸೇರಿಸಿದ್ದರೆ ಮಾತು ಬೇರೆ. ಆಗ ಫೌಂಡ್ರಿಯ 6 ಆದಾಯ ಯಂತ್ರದೊಳಗೆ ಕೂತಿರುತ್ತದೆ, ಸ್ಟಾಕಿನ ಲಾಭದ ಹಾಗೆ ಅದನ್ನೂ ಯಂತ್ರದ ಬೆಲೆಯಿಂದ ಇಳಿಸಬೇಕಾಗುತ್ತದೆ.

ಮೈನಾರಿಟಿ ಪಾಲು ಲೆಕ್ಕ ಹಾಕುವಾಗ ಮಶೀನ್ ಶಾಪ್ ಕಟ್ಟಿದ 6 ಬಡ್ಡಿಯನ್ನು ವಾಪಸ್ ಕೂಡಬೇಕೇ?

ಬೇಡ. ಮೈನಾರಿಟಿಯವರ ಕಂಪನಿ ನಿಜವಾಗಿಯೂ ಬಡ್ಡಿ ಕಟ್ಟಿದೆ, ಅವರಿಗೆ ಅದು ಖರ್ಚೇ. ಅವರ 20% ಲೆಕ್ಕ 118ರ ಮೇಲೆಯೇ.

ಫೌಂಡ್ರಿಯಲ್ಲಿ ಬಡ್ಡಿ ಆದಾಯ 5.40, ಮಶೀನ್ ಶಾಪ್‌ನಲ್ಲಿ ಬಡ್ಡಿ ಖರ್ಚು 6. ಈ 0.60 ಏನು?

ಟಿಡಿಎಸ್. ಬಡ್ಡಿಯ ಮೇಲೆ ಆ ವರ್ಷ ಅನ್ವಯಿಸುತ್ತಿದ್ದ ಆದಾಯ ತೆರಿಗೆ ಕಾಯ್ದೆ 1961ರ ಕಲಂ 194ಎ ಪ್ರಕಾರ 10% ಹಿಡಿದು 5.40 ಬ್ಯಾಂಕಿಗೆ ಹಾಕಿರುತ್ತಾರೆ. ಫೌಂಡ್ರಿಯ ಅಕೌಂಟೆಂಟ್ ಬ್ಯಾಂಕ್ ಸ್ಟೇಟ್‌ಮೆಂಟ್ ನೋಡಿ ಬಂದಷ್ಟನ್ನೇ ಆದಾಯ ಅಂತ ಬರೆದಿರುತ್ತಾರೆ. ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ ಇಂಥದ್ದೇ ಒಂದು ವ್ಯತ್ಯಾಸ ಹುಡುಕುತ್ತ ನಾನು ಬಡ್ಡಿ ದರ, ದಿನಗಳ ಎಣಿಕೆ ಎಲ್ಲ ಮೂರು ಸಲ ಮಾಡಿ ಒಂದು ಮಧ್ಯಾಹ್ನ ಕಳೆದೆ. ವ್ಯತ್ಯಾಸ ಬಡ್ಡಿಯ ಸರಿಯಾಗಿ ಹತ್ತರಲ್ಲೊಂದು ಭಾಗ ಎಂಬುದು ಚಹಾ ಕುಡಿಯುವಾಗ ಹೊಳೆಯಿತು.

ತಿದ್ದಬೇಕಾದದ್ದು ಫೌಂಡ್ರಿಯ ಸ್ವಂತ ಪುಸ್ತಕದಲ್ಲೇ: ಆದಾಯ 6, ಟಿಡಿಎಸ್ ಬರಬೇಕಾದದ್ದು 0.60. ಆಮೇಲೆ 6ಕ್ಕೆ 6 ತೆಗೆಯಿರಿ. ಆದರೆ ಆ 0.60ರ ಟಿಡಿಎಸ್ ಬಾಕಿಯನ್ನು ಗುಂಪಿನ ಬ್ಯಾಲೆನ್ಸ್ ಶೀಟಿನಿಂದ ತೆಗೆಯಬೇಡಿ. ಅದು ಸರ್ಕಾರದ ಬಳಿ ಇರುವ ಹಣ, ಸರ್ಕಾರ ನಮ್ಮ ಗುಂಪಿನಲ್ಲಿಲ್ಲ.

8 ಲಾಭ ತೆಗೆದ ಮೇಲೆ ತೆರಿಗೆಯೂ ಕಡಿಮೆಯಾಗಬೇಕಲ್ಲ?

ಎಎಸ್ ಪ್ರಕಾರ ಇಲ್ಲ. ಎರಡು ಕಂಪನಿಗಳ ಪತ್ರಿಕೆಯಲ್ಲಿದ್ದ ತೆರಿಗೆಯನ್ನು ಕೂಡಿದರೆ ಮುಗಿಯಿತು, 88 ಮತ್ತು 40 ಸೇರಿ 128. ಇಂಡ್ ಎಎಸ್ ಇದ್ದವರು ಮಾತ್ರ ಆ 8ರ ಮೇಲೆ ಮುಂದೂಡಿದ ತೆರಿಗೆ ಬರೆಯಬೇಕು, ಮಾಲು ಕೊಂಡ ಕಂಪನಿಯ ದರದಲ್ಲಿ. 25.168% ದರವಾದರೆ ಸುಮಾರು 2.

ಆಗಸ್ಟ್‌ನಲ್ಲಿ ಮಶೀನ್ ಶಾಪ್ ಹಿಂದಿನ ವರ್ಷದ ಡಿವಿಡೆಂಡ್ ಕೊಟ್ಟಿದ್ದರೆ?

ನಮ್ಮ ಲೆಕ್ಕದಲ್ಲಿ ಅದಿಲ್ಲ. ಇದ್ದಿದ್ದರೆ, ಅದು ಖರೀದಿಗೆ ಮುಂಚಿನ ಲಾಭದಿಂದ ಬಂದದ್ದು. 10 ಕೊಟ್ಟು ಫೌಂಡ್ರಿಗೆ 8 ಬಂದಿದ್ದರೆ, ಎಎಸ್ 13 ಪ್ರಕಾರ ಆ 8 ಆದಾಯವಲ್ಲ, ಹೂಡಿಕೆಯ ಬೆಲೆಯಿಂದ ಕಳೆಯಬೇಕು. ಕೊಟ್ಟ 420ರಲ್ಲಿ ಸ್ವಲ್ಪ ವಾಪಸ್ ಬಂದಂತೆ. ಇಂಡ್ ಎಎಸ್ 27ರಲ್ಲಿ ಫೌಂಡ್ರಿಯ ಸ್ವಂತ ಪತ್ರಿಕೆಯಲ್ಲಿ ಅದನ್ನು ಆದಾಯವಾಗಿ ತೋರಿಸುತ್ತಾರೆ, ಆದರೆ ಗುಂಪಿನ ಪತ್ರಿಕೆಗೆ ಬಂದಾಗ ತೆಗೆದೇ ತೆಗೆಯುತ್ತಾರೆ.

`Tally` ಯಲ್ಲಿ `Group Company` ಮಾಡಿದರೆ ಇದೆಲ್ಲ ತಾನೇ ಆಗುತ್ತದಲ್ಲವೇ?

ಕೂಡುವುದು ಆಗುತ್ತದೆ, ತೆಗೆಯುವುದು ಆಗುವುದಿಲ್ಲ. ಒಳಗಿನ ಮಾರಾಟ, ಬಡ್ಡಿ, ಸ್ಟಾಕಿನ ಲಾಭ, ಜುಲೈ 1ರ ಗೆರೆ ಯಾವುದೂ ಅದಕ್ಕೆ ಗೊತ್ತಿಲ್ಲ. ಅವೆಲ್ಲ ನಿಮ್ಮ ಹಾಳಿಯ ಕೆಲಸ. ಒಳಗಿನ ವ್ಯವಹಾರಕ್ಕೆ ಎರಡೂ ಕಂಪನಿಯಲ್ಲಿ ಬೇರೆಯೇ ಮಾರಾಟ, ಖರೀದಿ, ಬಡ್ಡಿ ಲೆಡ್ಜರ್ ತೆರೆದಿಟ್ಟರೆ ವರ್ಷದ ಕೊನೆಗೆ ಅರ್ಧ ತಲೆನೋವು ಹೋಗುತ್ತದೆ.

ಮುಂದಿನ ವರ್ಷ ಆ 8 ಏನಾಗುತ್ತದೆ?

ತಿರುಗಿ ಬರುತ್ತದೆ. 2025-26ರಲ್ಲಿ ಆ 40ರ ಮಾಲು ಹೊರಗೆ ಮಾರಾಟವಾಗುತ್ತದೆ, ಆಗ 8 ಲಾಭ ಗುಂಪಿಗೆ ನಿಜವಾಗಿ ಕೈಸೇರುತ್ತದೆ. ಆರಂಭದ ರಿಸರ್ವ್‌ನಿಂದ 8 ಕಳೆದು, ವರ್ಷದ ವೆಚ್ಚದಿಂದಲೂ 8 ಕಳೆಯಬೇಕು. ಆ ವರ್ಷದ ಕೊನೆಗೆ ಫೌಂಡ್ರಿಯಿಂದ ಬಂದ ಮಾಲು 50 ಉಳಿದಿದ್ದರೆ ಅದರ ಲಾಭ 10, ಹಾಗಾಗಿ ಆ ವರ್ಷದ ಲಾಭದ ಮೇಲೆ ಬೀಳುವುದು ನಿವ್ವಳ 2 ಮಾತ್ರ.

ಇದನ್ನು ಮರೆಯಲು ಕಾರಣವಿದೆ. ಈ ಹೊಂದಾಣಿಕೆಗಳು ಫೌಂಡ್ರಿಯ ಪುಸ್ತಕದಲ್ಲೂ ಇಲ್ಲ, ಮಶೀನ್ ಶಾಪ್‌ನ ಪುಸ್ತಕದಲ್ಲೂ ಇಲ್ಲ. ಕನ್ಸಾಲಿಡೇಶನ್ ಹಾಳಿಯಲ್ಲಿ ಮಾತ್ರ ಇವೆ. ಮುಂದಿನ ಏಪ್ರಿಲ್‌ನಲ್ಲಿ ಹೊಸ ಹುಡುಗ ಬಂದು ಎರಡು ಟ್ರಯಲ್ ಬ್ಯಾಲೆನ್ಸ್ ಹಿಡಿದು ಹೊಸದಾಗಿ ಕೂಡಲು ಕೂತರೆ, ಗುಂಪಿನ ಆರಂಭದ ರಿಸರ್ವ್ ಹಿಂದಿನ ವರ್ಷ ಮುದ್ರಿಸಿದ್ದಕ್ಕಿಂತ ಜಾಸ್ತಿ ಬರುತ್ತದೆ: ಸ್ಟಾಕಿನ 8 ಅದರೊಳಗಿರುತ್ತದೆ, ಖರೀದಿಗೆ ಮುಂಚಿನ ಲಾಭವನ್ನೂ ಬೇರ್ಪಡಿಸದಿದ್ದರೆ ಆ 24 ಕೂಡ. ಹಿಂದಿನ ವರ್ಷದ ಹಾಳಿಯನ್ನು ಮೊದಲು ಅವನ ಮೇಜಿನ ಮೇಲಿಡಿ, ಟ್ರಯಲ್ ಬ್ಯಾಲೆನ್ಸ್ ಆಮೇಲೆ ಕೊಡಿ.